ಬಿಲ್ಲಿನಲ್ಲಿ ಕಾಣದ ಖರ್ಚು: ಸ್ಪ್ರೆಡ್ ಮತ್ತು ವೇಗದ ಯಂತ್ರಗಳು

ಹಾಸನದಲ್ಲಿ ಕೂತು ಮೊಬೈಲಿನಲ್ಲಿ ಶೇರು ಕೊಳ್ಳುವವರು ಬ್ರೋಕರೇಜ್ ಎಷ್ಟೆಂದು ಮೊದಲು ಕೇಳುತ್ತಾರೆ. ಅದಕ್ಕಿಂತ ದೊಡ್ಡದಾಗಬಲ್ಲ ಇನ್ನೊಂದು ಖರ್ಚು ಬ್ರೋಕರ್ ಕಳಿಸುವ ಬಿಲ್ಲಿನಲ್ಲಿ, ಅಂದರೆ ಕಾಂಟ್ರ್ಯಾಕ್ಟ್ ನೋಟಿನಲ್ಲಿ, ನಮೂದಾಗುವುದೇ ಇಲ್ಲ. ಕೊಳ್ಳುವವರ ಅತಿ ಹೆಚ್ಚಿನ ದರಕ್ಕೂ ಮಾರುವವರ ಅತಿ ಕಡಿಮೆ ದರಕ್ಕೂ ಇರುವ ಅಂತರ, ಅಂದರೆ ಸ್ಪ್ರೆಡ್.

ದೊಡ್ಡ ಕಂಪನಿಯ ಶೇರಿನಲ್ಲಿ 500.00ಕ್ಕೆ ಕೊಳ್ಳುವವರು, 500.05ಕ್ಕೆ ಮಾರುವವರು ಇದ್ದಾರೆ ಎನ್ನಿ. ಇಷ್ಟು ಕಿರಿದಾದ ಅಂತರಕ್ಕೆ ಕಾರಣ ಬಹುಪಾಲು ತಾವಾಗಿಯೇ ಆರ್ಡರ್ ಹಾಕುವ ಕಂಪ್ಯೂಟರ್ ಅಲ್ಗಾರಿದಮ್‌ಗಳೇ. ಎರಡೂ ಕಡೆ ದರ ಹಾಕಿ ಕಾಯುವವನಿಗೆ ಒಂದೇ ಭಯ: ಸುದ್ದಿ ಬಂದು ದರ ಜಿಗಿದಾಗ ತನ್ನ ಹಳೆಯ ದರವನ್ನು ಬೇರೆಯವರು ಎತ್ತಿಕೊಂಡುಬಿಡುವುದು. ಆ ನಷ್ಟಕ್ಕೆಂದೇ ಆತ ಅಂತರ ಅಗಲ ಇಡುತ್ತಾನೆ. ಮೈಕ್ರೋಸೆಕೆಂಡುಗಳಲ್ಲಿ ಆರ್ಡರ್ ರದ್ದು ಮಾಡಬಲ್ಲ ಯಂತ್ರಕ್ಕೆ ಆ ಭಯ ಕಡಿಮೆ, ಹಾಗಾಗಿ ಕಿರಿದಾಗಿ ಇಡಬಲ್ಲದು. ಇಲ್ಲಿ ಸಣ್ಣ ಹೂಡಿಕೆದಾರನಿಗೆ ನಿಜವಾಗಿಯೂ ಲಾಭವಿದೆ.

ಆದರೆ ಆ ಭಯ ಈಗ ನಿಧಾನದವರ ಪಾಲಾಗಿದೆ. ಚಿಕ್ಕಮಗಳೂರಿನ ಬೆಳೆಗಾರರೊಬ್ಬರು ಬೆಳಿಗ್ಗೆ 500ಕ್ಕಿಂತ ಹೆಚ್ಚು ಕೊಡದೆ ಕೊಳ್ಳುವ ಲಿಮಿಟ್ ಆರ್ಡರ್ ಹಾಕಿ, ಕಣದಲ್ಲಿ ಕಾಫಿ ಹರವಲು ಹೋದರೆನ್ನಿ. ಹನ್ನೊಂದಕ್ಕೆ ಕೆಟ್ಟ ಸುದ್ದಿ ಬಂದು ಶೇರು 490ಕ್ಕೆ ಇಳಿಯುತ್ತದೆ. ಯಂತ್ರಗಳು ತಮ್ಮ ದರವನ್ನು ಆಗಲೇ ಹಿಂದೆಗೆದಿರುತ್ತವೆ, ಇವರ ಆರ್ಡರ್ ಮಾತ್ರ 500ಕ್ಕೇ ಭರ್ತಿಯಾಗಿರುತ್ತದೆ. ಫೋನ್ ಕೈಯಲ್ಲೇ ಇದ್ದರೂ ಗೆಲ್ಲುತ್ತಿರಲಿಲ್ಲ. ಎಕ್ಸ್‌ಚೇಂಜ್ ಇರುವ ಮುಂಬೈಗೆ ನೇರ ದೂರವೇ ಸುಮಾರು 700 ಕಿ.ಮೀ., ಫೈಬರಿನಲ್ಲಿ ಬೆಳಕಿಗೇ ಸುಮಾರು ಮೂರೂವರೆ ಮಿಲಿಸೆಕೆಂಡು ಬೇಕು. ಬಾಡಿಗೆ ತೆತ್ತು ಎಕ್ಸ್‌ಚೇಂಜಿನ ಆವರಣದಲ್ಲೇ ಸರ್ವರ್ ಇಟ್ಟವರಿಗೆ, ಅಂದರೆ ಕೋ-ಲೊಕೇಶನ್ ಪಡೆದವರಿಗೆ, ಈ ದೂರವೇ ಇಲ್ಲ.

ಬಾಡಿಗೆ ಕೊಟ್ಟವರ ನಡುವೆಯೂ ಸಮಾನತೆ ತಾನಾಗಿ ಬರಲಿಲ್ಲ. ಮುಂಬೈಯ ಎಕ್ಸ್‌ಚೇಂಜ್ ಎನ್‌ಎಸ್‌ಇ ಮೊದಲು ದರದ ಮಾಹಿತಿಯನ್ನು ಸಂಪರ್ಕ ಪಡೆದ ಸರದಿಯಂತೆ ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸುತ್ತಿತ್ತು, ಮುಂಜಾನೆ ಮೊದಲು ಲಾಗಿನ್ ಆದವರಿಗೆ ಮೇಲುಗೈ. ಎಲ್ಲರಿಗೂ ಒಮ್ಮೆಗೇ ಹೋಗುವ ಮಲ್ಟಿಕಾಸ್ಟ್ ಬಂದದ್ದು 2014ರಲ್ಲಿ.

ನನ್ನ ಲೆಕ್ಕದಲ್ಲಿ ಸಣ್ಣವರ ಜೇಬಿಗೆ ಹೆಚ್ಚು ಕತ್ತರಿ ಬೀಳುವುದು ಯಂತ್ರಗಳಿರುವ ಕಡೆಯಲ್ಲ, ಅವು ಸುಳಿಯದ ಸಣ್ಣ ಶೇರುಗಳಲ್ಲಿ. ಅಲ್ಲಿ ಕೊಳ್ಳುವವರು 182.00ಕ್ಕೆ ನಿಂತಿದ್ದಾರೆ. ಮಾರುವವರ ಬದಿಯಲ್ಲಿ 183.50ಕ್ಕೆ 60, 184.20ಕ್ಕೆ 100, 186.00ಕ್ಕೆ 300 ಶೇರು ಇವೆ. ನೀವು 400 ಶೇರಿಗೆ, ಸಿಕ್ಕ ದರಕ್ಕೆ ಕೊಳ್ಳುವ ಮಾರ್ಕೆಟ್ ಆರ್ಡರ್ ಒತ್ತಿದರೆ ಅದು ಮೂರೂ ಮೆಟ್ಟಿಲು ಹತ್ತುತ್ತದೆ. ಒಟ್ಟು 74,070 ರೂಪಾಯಿ, ಸರಾಸರಿ 185.17ಕ್ಕೂ ತುಸು ಮೇಲೆ. 182.00 ಮತ್ತು 183.50ರ ನಡುದರ 182.75ಕ್ಕೆ ಹೋಲಿಸಿದರೆ 970 ರೂಪಾಯಿ ಹೆಚ್ಚು ತೆತ್ತಂತೆ.

ಒತ್ತುವ ಮುನ್ನ ಆ್ಯಪಿನಲ್ಲಿ ಕೊಳ್ಳುವ, ಮಾರುವ ದರಗಳ ಪಟ್ಟಿಯಾದ ಮಾರ್ಕೆಟ್ ಡೆಪ್ತ್ ತೆರೆಯಿರಿ. ಮಾರುವವರ ಮೊದಲ ಸಾಲಿನ ಪ್ರಮಾಣ ನಿಮ್ಮ ಆರ್ಡರಿಗೆ ಸಾಲದಿದ್ದರೆ 183.50ಕ್ಕೆ ಲಿಮಿಟ್ ಹಾಕಿ. 60 ತಕ್ಷಣ ಸಿಗುತ್ತವೆ, ಉಳಿದ 340 ಸಾಲಿನಲ್ಲಿ ಕಾಯುತ್ತವೆ. ಅವು ಆ ದಿನ ಸಿಗದೆಯೂ ಹೋಗಬಹುದು. ಫೋನಿನಿಂದ ದೂರ ಹೋಗುವುದಿದ್ದರೆ ಉಳಿದ ಆರ್ಡರನ್ನು ರದ್ದು ಮಾಡಿಯೇ ಹೋಗಿ.