ಎನ್‌ಒಸಿ ಕೈಯಲ್ಲಿದೆ, ಆದರೂ ಅಗ್ನಿಶಾಮಕ ಇಲಾಖೆ ಮತ್ತೆ ಏಕೆ ಬರುತ್ತದೆ?

ಓದುಗರ ಪ್ರಶ್ನೆ: ತುಮಕೂರಿನಲ್ಲಿ ನೆಲಮಾಳಿಗೆ, ನೆಲ ಅಂತಸ್ತು ಮತ್ತು ಅದರ ಮೇಲೆ ಆರು ಮಹಡಿಯ ವಾಣಿಜ್ಯ ಕಟ್ಟಡ ಕಟ್ಟಿಸಿದ್ದೇವೆ. ಎತ್ತರ ಸುಮಾರು 23 ಮೀಟರ್. ನಕ್ಷೆ ಮಂಜೂರಾತಿಗೆ ಮುಂಚೆಯೇ ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಪಡೆದಿದ್ದೆವು. ಈಗ ಸ್ವಾಧೀನಾನುಭವ ಪತ್ರ ಕೇಳಲು ಹೋದರೆ ಅಗ್ನಿಶಾಮಕ ಕ್ಲಿಯರೆನ್ಸ್ ತನ್ನಿ ಎನ್ನುತ್ತಾರೆ. ಇದಕ್ಕೆ ಯಾವ ದಾಖಲೆ ಬೇಕು, ತಪಾಸಣೆಯಲ್ಲಿ ಏನು ನೋಡುತ್ತಾರೆ?

ಉತ್ತರ: ಮೊದಲು ಸಿಕ್ಕ ಎನ್‌ಒಸಿ ನಿಮ್ಮ ನಕ್ಷೆಗೆ ಕೊಟ್ಟದ್ದು. ಈಗ ಬೇಕಾಗಿರುವ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕಟ್ಟಡಕ್ಕೆ ಕೊಡುವಂಥದ್ದು. ನಡುವೆ ಎರಡು ಮೂರು ವರ್ಷ ಕಳೆದಿರುತ್ತದೆ, ಮಾಲೀಕರ ಮನಸ್ಸು ಬದಲಾಗಿರುತ್ತದೆ, ಗುತ್ತಿಗೆದಾರ ಒಂದೆರಡು ಕಡೆ ಕೈ ಬಿಗಿ ಹಿಡಿದಿರುತ್ತಾನೆ. ಕಾಗದದಲ್ಲಿ ಒಪ್ಪಿದ್ದು ನೆಲದ ಮೇಲೆ ಬಂದಿದೆಯೇ ಎಂದು ನೋಡಲು ಇಲಾಖೆ ಎರಡನೆಯ ಸಲ ಬರುತ್ತದೆ. ಆದ್ದರಿಂದ ನಿಮ್ಮ ಬಳಿ ಇರುವ ಹಳೆಯ ಎನ್‌ಒಸಿಯನ್ನು ಇಂದೇ ತೆಗೆದು ಅದರ ಷರತ್ತುಗಳನ್ನು ಒಂದೊಂದಾಗಿ ಓದಿ. ನಿಮಗೆ ಬೇಕಾದ ದಾಖಲೆಗಳ ಪಟ್ಟಿ ಅದರಲ್ಲೇ ಇದೆ.

ಅರ್ಜಿಯ ಜೊತೆ ಹೋಗುವ ಮಾಮೂಲಿ ಕಾಗದಗಳು ಕಷ್ಟದವಲ್ಲ: ಎನ್‌ಒಸಿಯ ಪ್ರತಿ, ಸ್ಥಳೀಯ ಸಂಸ್ಥೆ ಮಂಜೂರು ಮಾಡಿದ ನಕ್ಷೆ, ನಿಜವಾಗಿ ಕಟ್ಟಿದಂತೆ ವಾಸ್ತುಶಿಲ್ಪಿ ಸಹಿ ಮಾಡಿದ ನಕ್ಷೆಗಳು, ಒಡೆತನದ ದಾಖಲೆ, ಲಿಫ್ಟ್ ಮತ್ತು ವಿದ್ಯುತ್ ಸ್ಥಾಪನೆಗೆ ಆಯಾ ಇಲಾಖೆಯ ಒಪ್ಪಿಗೆ. ಇದರ ಮೇಲೆ ಎನ್‌ಒಸಿಯ ಪ್ರತಿ ಷರತ್ತಿನ ಎದುರು ಏನು ಮಾಡಿದ್ದೀರಿ ಎಂದು ಬರೆದ ಪಾಲನಾ ವರದಿ ಇರಬೇಕು. ‘ಎಲ್ಲ ಪಾಲಿಸಲಾಗಿದೆ’ ಎಂಬ ಒಂದು ಸಾಲಿನ ವರದಿ ಯಾರಿಗೂ ಉಪಯೋಗವಿಲ್ಲ.

ಅರ್ಜಿಗಳು ಸಾಮಾನ್ಯವಾಗಿ ನಿಲ್ಲುವುದು ಬೇರೆ ದಾಖಲೆಗಳಿಗಾಗಿ. ಗೋಡೆಯ ಒಳಗೆ, ಮಣ್ಣಿನ ಕೆಳಗೆ, ಫಾಲ್ಸ್ ಸೀಲಿಂಗ್ ಹಿಂದೆ ಹೋದದ್ದನ್ನು ಅಧಿಕಾರಿ ಕಣ್ಣಿನಿಂದ ನೋಡಲಾರರು. ಪೈಪುಗಳನ್ನು ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಪರೀಕ್ಷಿಸಿದ ವರದಿ, ಮಣ್ಣು ಮುಚ್ಚುವ ಮುಂಚೆ ತೆಗೆದ ಫೋಟೋಗಳು, ಪಂಪು, ಹೋಸು, ಸ್ಪ್ರಿಂಕ್ಲರ್‌ಗಳ ತಯಾರಕರ ಪರೀಕ್ಷಾ ಪತ್ರಗಳು, ಅಗ್ನಿನಿರೋಧಕ ಬಾಗಿಲು ಎಷ್ಟು ನಿಮಿಷ ತಾಳುತ್ತದೆ ಎಂಬ ಪ್ರಮಾಣಪತ್ರ ಇವುಗಳನ್ನು ಕೆಲಸ ನಡೆಯುವಾಗಲೇ ಕೂಡಿಡಬೇಕು. ಕಟ್ಟಡ ಮುಗಿದ ಮೇಲೆ ಗುತ್ತಿಗೆದಾರನನ್ನು ಹುಡುಕಿ ಕೇಳಿದರೆ ಸಿಗುವುದಿಲ್ಲ. ಕೊನೆಯ ಬಿಲ್ ಪಾವತಿಗೆ ಈ ಕಡತವನ್ನು ಷರತ್ತಾಗಿ ಇಟ್ಟುಕೊಳ್ಳಿ.

ಇನ್ನು ತಪಾಸಣೆಯ ದಿನ. ಅದು ಗೇಟಿನಿಂದಲೇ ಶುರುವಾಗುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎಂದು ಎಣಿಸುತ್ತದೆ. ಪ್ರವೇಶದ್ವಾರ ಕನಿಷ್ಠ 6 ಮೀಟರ್ ಅಗಲವಿರಬೇಕು ಎನ್ನುತ್ತದೆ. ಟೇಪು ಹಿಡಿದು ಅಳೆಯುತ್ತಾರೆ. ಆಮೇಲೆ ಅಗ್ನಿಶಾಮಕ ವಾಹನ ಸುತ್ತು ಹಾಕಬೇಕಾದ ಸೆಟ್‌ಬ್ಯಾಕ್ ಜಾಗ. ನಕ್ಷೆಯಲ್ಲಿ ಖಾಲಿ ಇದ್ದ ಆ ಜಾಗದಲ್ಲಿ ಜನರೇಟರ್, ಟ್ರಾನ್ಸ್‌ಫಾರ್ಮರ್, ಕಾವಲುಗಾರನ ಕೋಣೆ, ಹೂವಿನ ಕಟ್ಟೆ ಬಂದು ಕೂತಿರುವುದು ನಾನು ಅತಿ ಹೆಚ್ಚು ಕಂಡ ದೋಷ. ಹೂವಿನ ಕಟ್ಟೆಯನ್ನು ಒಡೆಯಬಹುದು, ಟ್ರಾನ್ಸ್‌ಫಾರ್ಮರ್ ಸ್ಥಳಾಂತರಕ್ಕೆ ತಿಂಗಳುಗಳೇ ಬೇಕಾಗಬಹುದು.

ನೆಲಮಾಳಿಗೆಯನ್ನೂ ನೋಡುತ್ತಾರೆ. ನಕ್ಷೆಯಲ್ಲಿ ವಾಹನ ನಿಲುಗಡೆ ಎಂದಿದ್ದು, ಅಲ್ಲಿ ಗೋದಾಮು ಅಥವಾ ಅಂಗಡಿಗೆ ಗೋಡೆ ಎದ್ದಿದ್ದರೆ ಉಳಿದ ತಪಾಸಣೆ ಎಷ್ಟೇ ಚೆನ್ನಾಗಿ ನಡೆದರೂ ಕ್ಲಿಯರೆನ್ಸ್ ಸಿಗುವುದಿಲ್ಲ, ಸಿಗಲೂಬಾರದು.

ಬಳಿಕ ನೀರಿನ ಪರೀಕ್ಷೆ. ಇದರ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಹೈಡ್ರಂಟ್ ಎಂದರೆ ಬೆಂಕಿ ಆರಿಸಲು ಹೋಸು ಜೋಡಿಸುವ ನೀರಿನ ವಾಲ್ವು. ಅತಿ ಮೇಲಿನ ಹೈಡ್ರಂಟ್‌ನಲ್ಲಿ ಚದರ ಸೆಂಟಿಮೀಟರಿಗೆ ಕನಿಷ್ಠ 3.5 ಕೆಜಿ ಒತ್ತಡ ಇರಬೇಕು. ನೀರನ್ನು 10 ಮೀಟರ್ ಮೇಲೆತ್ತಲು ಸುಮಾರು 1 ಕೆಜಿ ಒತ್ತಡ ಖರ್ಚಾಗುತ್ತದೆ. ನಿಮ್ಮ ಪಂಪು ನೆಲಮಾಳಿಗೆಯಲ್ಲಿ ನೆಲದಿಂದ 3 ಮೀಟರ್ ಕೆಳಗೆ, ಹೈಡ್ರಂಟ್ 23 ಮೀಟರ್ ಮೇಲೆ ಎಂದುಕೊಂಡರೆ 26 ಮೀಟರಿಗೆ 2.6 ಕೆಜಿ ಹೋಯಿತು. ಪೈಪು, ವಾಲ್ವು, ತಿರುವುಗಳ ಘರ್ಷಣೆಗೆ 0.9 ಎಂದಿಟ್ಟುಕೊಳ್ಳಿ. ಒಟ್ಟು 7 ಕೆಜಿ. ಪಂಪಿನ ಬಳಿಯ ಮಾಪಕ ನೀರು ಹರಿಯುತ್ತಿರುವಾಗ ಇಷ್ಟನ್ನು ತೋರಿಸದಿದ್ದರೆ ತಾರಸಿಯಲ್ಲಿ ಹೋಸಿನಿಂದ ಬಲವಾದ ಧಾರೆ ಬರುವುದಿಲ್ಲ. ವಾಲ್ವು ಮುಚ್ಚಿದ್ದಾಗ ಮಾಪಕ ಎಷ್ಟೇ ತೋರಿಸಲಿ, ಅದನ್ನು ನಂಬಬೇಡಿ.

ಅಧಿಕಾರಿ ಮೇಲಿನ ವಾಲ್ವು ತೆರೆಸಿದಾಗ ಮೊದಲು ಪೈಪಿನ ಒತ್ತಡ ಕಾಯ್ದುಕೊಳ್ಳುವ ಚಿಕ್ಕ ಜಾಕಿ ಪಂಪು ಓಡಬೇಕು, ಒತ್ತಡ ಇನ್ನೂ ಇಳಿದರೆ ಮುಖ್ಯ ವಿದ್ಯುತ್ ಪಂಪು ತಾನೇ ಶುರುವಾಗಬೇಕು, ವಿದ್ಯುತ್ ತೆಗೆದರೆ ಡೀಸೆಲ್ ಪಂಪು ಹತ್ತಿಕೊಳ್ಳಬೇಕು. ಮುಖ್ಯ ಪಂಪು ತಾನಾಗಿ ನಿಂತರೆ ಅದು ದೋಷ. ಒಮ್ಮೆ ಶುರುವಾದ ಮೇಲೆ ಮನುಷ್ಯನೇ ಹೋಗಿ ನಿಲ್ಲಿಸಬೇಕು ಎಂಬುದು ನಿಯಮ, ಏಕೆಂದರೆ ಬೆಂಕಿಯ ನಡುವೆ ನೀರು ನಿಲ್ಲಬಾರದು. ಡೀಸೆಲ್ ಪಂಪಿನ ಬ್ಯಾಟರಿ ಸತ್ತಿದ್ದು ಎಷ್ಟೋ ಕಡೆ ತಿಳಿಯುವುದು ಅಧಿಕಾರಿಯ ಮುಂದೆಯೇ. ಅದಕ್ಕೂ ಹದಿನೈದು ದಿನ ಮೊದಲು ಇದನ್ನೆಲ್ಲ ನೀವೇ ಒಮ್ಮೆ ಮಾಡಿ ನೋಡಿ.

ಸ್ಪ್ರಿಂಕ್ಲರ್ ಜಾಲದ ತುದಿಯ ಪರೀಕ್ಷಾ ವಾಲ್ವು ತೆರೆದರೆ ನೀರಿನ ಹರಿವು ಗುರುತಿಸಿ ಗಂಟೆ ಬಾರಿಸಬೇಕು, ನಿಯಂತ್ರಣ ಫಲಕದಲ್ಲಿ ಸರಿಯಾದ ಮಹಡಿಯ ಹೆಸರೇ ಬರಬೇಕು. ನಾಲ್ಕನೆಯ ಮಹಡಿಯಲ್ಲಿ ತೆರೆದರೆ ಎರಡನೆಯ ಮಹಡಿ ಎಂದು ತೋರಿಸುವ ಫಲಕವನ್ನು ನಾನು ಕಂಡಿದ್ದೇನೆ.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಮೆಟ್ಟಿಲು ಮತ್ತು ಶಾಫ್ಟ್‌ಗಳ, ಅಂದರೆ ಕೇಬಲ್, ಪೈಪುಗಳು ಮಹಡಿಯಿಂದ ಮಹಡಿಗೆ ಹೋಗಲು ಬಿಟ್ಟ ಜಾಗಗಳ ಬಗ್ಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ವಿದ್ಯುತ್ ಕೇಬಲ್‌ಗಳ ಶಾಫ್ಟ್‌ನಿಂದ ಎದ್ದ ಹೊಗೆ ಮೇಲಿನ ಮಹಡಿಗಳಿಗೆ ತುಂಬಿತು, ಉಸಿರಾಡಲಾಗದೆ ಜನ ಕಿಟಕಿಗಳಿಂದ ಹಾರಿದರು. ಹಾಗಾಗಿ ಪ್ರತಿ ಮಹಡಿಯಲ್ಲೂ ಕೇಬಲ್‌ಗಳು ಚಾವಣಿಯನ್ನು ತೂರುವ ಕಡೆ ಬೆಂಕಿ ತಾಳುವ ವಸ್ತುವಿನಿಂದ ಮುಚ್ಚಿರಬೇಕು. ಶಾಫ್ಟ್‌ನ ಬಾಗಿಲು ತೆರೆದು ಟಾರ್ಚ್ ಹಾಕಿ ನೋಡಿ: ಕೆಳಗಿನ ಮಹಡಿಯ ಬೆಳಕು ಕಾಣಿಸಿದರೆ ಹೊಗೆಯೂ ಬರುತ್ತದೆ. ಸಾಮಾನ್ಯ ಫೋಮ್ ತುಂಬಿಸಿ ಮುಚ್ಚಿದರೆ ಅದು ಸುಟ್ಟು ಹೋಗುತ್ತದೆ. ಮೆಟ್ಟಿಲಿನ ಬಾಗಿಲು ಕೈ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳಬೇಕು. ಅದಕ್ಕೆ ಇಟ್ಟಿಗೆ ಅಡ್ಡ ಇಟ್ಟಿದ್ದರೆ, ತಾರಸಿಯ ಬಾಗಿಲಿಗೆ ಬೀಗ ಹಾಕಿದ್ದರೆ, ತಪಾಸಣೆಗೆ ಬರುವ ಮುಂಚೆ ಅಲ್ಲ, ಇಂದೇ ತೆಗೆಯಿರಿ.

ದೋಷ ಕಂಡರೆ ಬರಹದಲ್ಲಿ ಪಟ್ಟಿ ಕೊಡುತ್ತಾರೆ. ಪ್ರತಿಯೊಂದನ್ನು ಸರಿಪಡಿಸಿ, ಅದೇ ಕೋನದಿಂದ ಫೋಟೋ ತೆಗೆದು, ಪಟ್ಟಿಯ ಕ್ರಮಸಂಖ್ಯೆಯಲ್ಲೇ ಉತ್ತರ ಕೊಟ್ಟು ಮರು ತಪಾಸಣೆ ಕೇಳಿ. ಇಡೀ ಅರ್ಜಿಯನ್ನು ಹೊಸದಾಗಿ ಬರೆಯಲು ಹೋಗಬೇಡಿ.

ಇನ್ನೊಂದು ವಿಷಯ: ನಿಮ್ಮ ಕಟ್ಟಡಕ್ಕೆ ಬಾಡಿಗೆದಾರರು ಬರುತ್ತಾರಲ್ಲ. ಮಹಡಿ ಖಾಲಿ ಇದ್ದಾಗ ಸ್ಪ್ರಿಂಕ್ಲರ್‌ಗಳು ಎಲ್ಲ ಕಡೆ ನೀರು ತಲುಪಿಸುತ್ತಿದ್ದವು. ಅವರು ಚಾವಣಿವರೆಗೆ ಗೋಡೆ ಎಬ್ಬಿಸಿ ಹತ್ತು ಕೋಣೆ ಮಾಡಿದರೆ ಕೆಲವು ಕೋಣೆಗಳಲ್ಲಿ ಒಂದೂ ಸ್ಪ್ರಿಂಕ್ಲರ್ ಇರುವುದಿಲ್ಲ, ಹೊಗೆ ಪತ್ತೆ ಯಂತ್ರವೂ ಇರುವುದಿಲ್ಲ. ಬಾಡಿಗೆ ಕರಾರಿನಲ್ಲೇ ಒಳಾಂಗಣದ ನಕ್ಷೆಯನ್ನು ನಿಮಗೆ ತೋರಿಸಿದ ಮೇಲೆಯೇ ಕೆಲಸ ಶುರು ಮಾಡಬೇಕು ಎಂದು ಬರೆಸಿ, ಸ್ಪ್ರಿಂಕ್ಲರ್ ಬದಲಾವಣೆಯ ಖರ್ಚು ಯಾರದು ಎಂಬುದನ್ನೂ ಅಲ್ಲೇ ತೀರ್ಮಾನಿಸಿಕೊಳ್ಳಿ.