ಇಳಿಯುತ್ತಲೇ ಹೋದ ರೀಡಿಂಗ್

"ಮೇಡಂ, ಪೋಲಾರಿಮೀಟರ್ ಕೆಟ್ಟಿದೆ ಅನ್ಸತ್ತೆ. ರೀಡಿಂಗ್ ಇಳೀತಾನೇ ಇದೆ."

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗನ ದೂರು ಇದು. ಧ್ರುವೀಕೃತ ಬೆಳಕನ್ನು ದ್ರಾವಣ ಎಷ್ಟು ಡಿಗ್ರಿ ತಿರುಗಿಸುತ್ತದೆ ಅಂತ ಅಳೆಯುವ ಯಂತ್ರ ಪೋಲಾರಿಮೀಟರ್. ಅವನ ಕೈಯಲ್ಲಿದ್ದದ್ದು ಲೇಬಲ್ ಕಿತ್ತುಹೋದ ಬಾಟಲಿಯ ಬಿಳಿ ಪುಡಿ. ಗ್ಲೂಕೋಸೋ ಲ್ಯಾಕ್ಟೋಸೋ ಗೊತ್ತಾಗಬೇಕಿತ್ತು. 5 ಗ್ರಾಂ ತೂಗಿ, ನೀರಲ್ಲಿ ಕರಗಿಸಿ 50 ಮಿ.ಲೀ. ಮಾಡಿ, 20 ಸೆಂ.ಮೀ. ಟ್ಯೂಬಿಗೆ ತುಂಬಿದ್ದ. ಮೊದಲ ರೀಡಿಂಗ್ +20.5 ಡಿಗ್ರಿ. ಅರ್ಧ ಗಂಟೆ ಬಿಟ್ಟು ನೋಡಿದರೆ +15.3.

ಬರೀ ನೀರು ತುಂಬಿ ನೋಡಿದೆ. ಸೊನ್ನೆ ಸರಿಯಾಗಿಯೇ ಇತ್ತು. ಟ್ಯೂಬಿನಲ್ಲಿ ಬೆಳಕಿನ ದಾರಿಗೆ ಅಡ್ಡವಾಗಿ ಗುಳ್ಳೆಯೂ ಇರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಬದಲಾಗುತ್ತಿದ್ದದ್ದು ಸಕ್ಕರೆಯೇ.

ಹರಳಿನಲ್ಲಿರುವ ಗ್ಲೂಕೋಸ್ ಸಾಮಾನ್ಯವಾಗಿ ಆಲ್ಫಾ ರೂಪದ್ದು. ಅದರ ವಿಶಿಷ್ಟ ತಿರುವು, ಅಂದರೆ ಒಂದು ಮಿ.ಲೀ.ಗೆ ಒಂದು ಗ್ರಾಂ ಲೆಕ್ಕದಲ್ಲಿ 1 ಡೆಸಿಮೀಟರ್ ಟ್ಯೂಬಿನಲ್ಲಿ ಬೆಳಕು ತಿರುಗುವ ಡಿಗ್ರಿ, ಸುಮಾರು +112. ನೀರಿಗೆ ಬಿದ್ದ ಮೇಲೆ ಅದರ ಉಂಗುರ ಬಿಚ್ಚಿ ಮತ್ತೆ ಮುಚ್ಚುತ್ತದೆ, ಆಗ ಒಂದಷ್ಟು ಭಾಗ ಬೀಟಾ ಆಗುತ್ತದೆ. ಬೀಟಾದ ತಿರುವು ಬರೀ +18.7. ಎರಡೂ ಒಂದು ಹದಕ್ಕೆ ಬರಲು ಕೆಲವು ಗಂಟೆ ಬೇಕು. ಆಗ ತಿರುವು +52.7ರಲ್ಲಿ ನಿಲ್ಲುತ್ತದೆ. ಇದಕ್ಕೆ ಮ್ಯೂಟಾರೊಟೇಷನ್ ಅಂತಾರೆ. ಕಾಯುವ ತಾಳ್ಮೆ ಇಲ್ಲದಿದ್ದರೆ ಒಂದೆರಡು ತೊಟ್ಟು ದುರ್ಬಲ ಅಮೋನಿಯಾ ಹಾಕಿ ಅರ್ಧ ಗಂಟೆ ಬಿಟ್ಟರೆ ಸಾಕು.

ಹಾಗೇ ಮಾಡಿದೆವು. ರೀಡಿಂಗ್ +10.5ಕ್ಕೆ ನಿಂತಿತು. ಲೆಕ್ಕ ಸುಲಭ. ಟ್ಯೂಬಿನ ಉದ್ದ 2 ಡೆಸಿಮೀಟರ್, ಒಂದು ಮಿ.ಲೀ.ನಲ್ಲಿ 0.1 ಗ್ರಾಂ ಸಕ್ಕರೆ. 10.5ನ್ನು 0.2ರಿಂದ ಭಾಗಿಸಿದರೆ 52.5.

"ಹಾಗಾದ್ರೆ ಗ್ಲೂಕೋಸೇ!" ಅಂದ. ಇಲ್ಲೇ ಜಾರೋದು. ಹರಳಿನಲ್ಲಿ ನೀರೂ ಸೇರಿರುವ ಲ್ಯಾಕ್ಟೋಸ್ ಮಾನೊಹೈಡ್ರೇಟನ್ನು ಇದ್ದ ಹಾಗೇ ತೂಗಿದರೆ ಅದೂ 52ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಅಂತಿಮ ಅಂಕಿಯೊಂದನ್ನೇ ನೋಡಿದರೆ ಎರಡರಲ್ಲಿ ಯಾವುದು ಅಂತ ಹೇಳೋಕೆ ಆಗೋದೇ ಇಲ್ಲ.

ಉತ್ತರ ಇದ್ದದ್ದು ಅವನು ಯಂತ್ರದ ತಪ್ಪು ಅಂದುಕೊಂಡಿದ್ದ ಮೊದಲ ರೀಡಿಂಗಿನಲ್ಲಿ. ಲ್ಯಾಕ್ಟೋಸ್ ಮಾನೊಹೈಡ್ರೇಟ್ ಕೂಡ ಹೀಗೇ ಇಳಿಯುತ್ತದೆ, ಆದರೆ ಸುಮಾರು +85ರಿಂದ. ನಮ್ಮ ಟ್ಯೂಬಿನಲ್ಲಿ ಅದು 17 ಡಿಗ್ರಿ ದಾಟಲ್ಲ. ಇವನು ಕಂಡದ್ದು 20.5, ಅದೂ ಕರಗಿಸಿ ಏಳೆಂಟು ನಿಮಿಷ ಆದ ಮೇಲೆ. ಹಾಗಾಗಿ ಗ್ಲೂಕೋಸ್. ಶುರುವಿನಲ್ಲೇ ಅಮೋನಿಯಾ ಹಾಕಿದ್ದರೆ ಈ ಸುಳಿವು ಕಳೆದುಹೋಗುತ್ತಿತ್ತು.

ಅದೂ ನೀರಿಲ್ಲದ ಗ್ಲೂಕೋಸ್. ಮಾನೊಹೈಡ್ರೇಟ್ ಆಗಿದ್ದರೆ ತೂಕದಲ್ಲಿ ನೀರಿನ ಪಾಲು ಸೇರಿ ರೀಡಿಂಗ್ 9.6ಕ್ಕೆ ನಿಲ್ಲಬೇಕಿತ್ತು. ಆದರೂ ಬೇರೆ ಸಕ್ಕರೆ ಬೆರೆತಿದ್ದರೆ ಪೋಲಾರಿಮೀಟರ್ ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತದೆ. ಅದಕ್ಕೇ ಕಾರ್ಲ್ ಫಿಷರ್ ವಿಧಾನದಲ್ಲಿ ತೇವಾಂಶವನ್ನೂ ನೋಡಿದೆವು. ಲ್ಯಾಕ್ಟೋಸ್ ಮಾನೊಹೈಡ್ರೇಟ್ ಆಗಿದ್ದರೆ 5 ಪರ್ಸೆಂಟ್ ನೀರು ಸಿಗಬೇಕು. ಸಿಕ್ಕಿದ್ದು ಅರ್ಧ ಪರ್ಸೆಂಟಿಗೂ ಕಮ್ಮಿ. ಬಾಟಲಿಗೆ ಹೊಸ ಲೇಬಲ್ ಅಂಟಿಸಿದ್ದು ಆಮೇಲೆಯೇ.