ಕೈರಿ, ಬೋರೆಹಣ್ಣು ದುಬೈ ತಲುಪಿದ್ದು ಹೇಗೆ?

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಬೆಳೆದ ಪರಿಚಿತರೊಬ್ಬರು ತಮ್ಮ ಶಾಲೆಯ ಗೇಟಿನ ಹೊರಗೆ ಸಿಗುತ್ತಿದ್ದ ತಿಂಡಿಗಳ ಬಗ್ಗೆ ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆದಿದ್ದರು. ಉಪ್ಪು ಖಾರ ಹಚ್ಚಿದ ಕೈರಿ ಅಂದರೆ ಮಾವಿನಕಾಯಿ, ಬೋರೆಹಣ್ಣು, ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುವ ಹಳದಿ ಬಾಬಿ, ಏಲಕ್ಕಿ ಘಮದ ಕಿಸ್ಮಿ ಟಾಫಿ, ಪ್ಲಾಸ್ಟಿಕ್ ಕೊಳವೆಯ ಐಸ್ ಪೆಪ್ಸಿಕೋಲಾ. ಮುಂಬಯಿಯ ಬಂಧುಗಳ ಗುಂಪಿನಲ್ಲಿ ಒಂದೆರಡು ಹೆಬ್ಬೆರಳು ಬಿದ್ದವು, ಅಷ್ಟೇ. ದುಬೈ, ನ್ಯೂಜೆರ್ಸಿ ಕಡೆಯವರ ಗುಂಪುಗಳಲ್ಲಿ ಮಾತ್ರ ಅದು ಸುತ್ತಿದ್ದೇ ಸುತ್ತಿದ್ದು.

ಊರು ಬಿಟ್ಟವರಿಗೆ ಊರಿನ ಮೇಲೆ ಪ್ರೀತಿ ಜಾಸ್ತಿ ಅಂತ ಹೇಳಿ ಮುಗಿಸಬಹುದು. ನನಗೆ ಆ ಉತ್ತರ ಸಾಲದು. ಡೊಂಬಿವಲಿಯಲ್ಲೇ ಉಳಿದವರಿಗೇನು ಪ್ರೀತಿ ಕಮ್ಮಿಯೇ?

ಮೊದಲು ಮೂಗಿನಿಂದ ಶುರು ಮಾಡೋಣ. ಕಿಸ್ಮಿ ಅಗಿಯುವಾಗ ನಾಲಿಗೆಗೆ ಸಿಗುವುದು ಬರೀ ಸಿಹಿ. ಏಲಕ್ಕಿ ಅಂತ ಗೊತ್ತಾಗುವುದು ಅದರ ಪರಿಮಳ ಗಂಟಲ ಹಿಂಬದಿಯಿಂದ ಮೂಗಿಗೆ ಏರಿದಾಗ. ಮೂಗು ಕಟ್ಟಿದಾಗ ಊಟ ಸಪ್ಪೆ ಅನಿಸುವುದು ಇದಕ್ಕೇ. ವಾಸನೆಯ ಸುದ್ದಿ ಮೂಗಿನಿಂದ ನೆನಪು ಮತ್ತು ಭಾವನೆಗಳ ಭಾಗಗಳಿಗೆ, ಅಂದರೆ ಹಿಪ್ಪೊಕ್ಯಾಂಪಸ್ ಮತ್ತು ಅಮಿಗ್ಡಲಾ ಕಡೆಗೆ, ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. 2006ರಲ್ಲಿ ಸ್ವೀಡನ್ನಿನ ಸಂಶೋಧಕರು 65 ದಾಟಿದವರಿಗೆ ಪದ, ಚಿತ್ರ, ವಾಸನೆಗಳನ್ನು ಕೊಟ್ಟು ಏನು ನೆನಪಾಯಿತು ಅಂತ ಕೇಳಿದರು. ಪದ, ಚಿತ್ರಗಳು ಹೆಚ್ಚಾಗಿ ಹರೆಯದ ದಿನಗಳನ್ನು ಎಬ್ಬಿಸಿದವು. ವಾಸನೆ ಎಬ್ಬಿಸಿದ್ದು ಹತ್ತು ವರ್ಷ ತುಂಬುವ ಮೊದಲಿನ ದಿನಗಳನ್ನು.

ಆದರೆ ಫೋನಿನಲ್ಲಿ ವಾಸನೆ ಎಲ್ಲಿ? ಅದೇ ವರ್ಷ ಸ್ಪೇನಿನ ಸಂಶೋಧಕರು, ದಾಲ್ಚಿನ್ನಿಯಂಥ ಘಾಟಿನ ವಸ್ತುಗಳ ಹೆಸರು ಓದುವಾಗಲೂ ಮಿದುಳಿನಲ್ಲಿ ವಾಸನೆಯ ಭಾಗ ಚುರುಕಾಗುತ್ತದೆ ಅಂತ ತೋರಿಸಿದರು. ನಿಜವಾದ ಘಮದಷ್ಟು ಬಲ ಹೆಸರಿಗೆ ಇರಲಿಕ್ಕಿಲ್ಲ. ಆದರೂ 'ತಿಂಡಿ' ಅನ್ನುವುದಕ್ಕೂ 'ಉಪ್ಪು ಖಾರದ ಕೈರಿ' ಅನ್ನುವುದಕ್ಕೂ ಬಾಯಲ್ಲಿ ನೀರೂರುವುದರಲ್ಲೇ ವ್ಯತ್ಯಾಸ ಇದೆ, ಅಲ್ವಾ?

ಇನ್ನು ದುಬೈಗೂ ಡೊಂಬಿವಲಿಗೂ ಇರುವ ವ್ಯತ್ಯಾಸ. ಒಂದು ಸುಳಿವಿಗೆ ಹೆಚ್ಚು ಹೆಚ್ಚು ಘಟನೆಗಳು ಅಂಟಿಕೊಂಡಷ್ಟೂ ಅದು ಯಾವುದೇ ಒಂದು ಘಟನೆಯನ್ನು ಎಬ್ಬಿಸುವ ಶಕ್ತಿ ಕುಗ್ಗುತ್ತದೆ. ನೆನಪಿನ ಬಗೆಗಿನ ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಡೊಂಬಿವಲಿಯಲ್ಲೇ ಉಳಿದವರು ಪ್ರತಿ ಬೇಸಿಗೆಯಲ್ಲೂ ಕೈರಿ ತಿಂದಿದ್ದಾರೆ. ಆಫೀಸಿನಿಂದ ಬರುವಾಗ ಸ್ಟೇಷನ್ ಹೊರಗೆ, ಮಗಳ ಶಾಲೆಯ ಹತ್ತಿರ, ಹೋದ ವಾರ. ಅವರ ಮಟ್ಟಿಗೆ ಕೈರಿ ಅಂದರೆ ಎಲ್ಲವೂ, ಹಾಗಾಗಿ ವಿಶೇಷವಾಗಿ ಏನೂ ಇಲ್ಲ. ಇಪ್ಪತ್ತೆರಡಕ್ಕೆ ವಿಮಾನ ಹತ್ತಿದವರಿಗೆ ಆ ರುಚಿ ಅಲ್ಲಿಗೇ ನಿಂತಿತು. ಅದರ ಮೇಲೆ ಹೊಸ ಪದರ ಬೀಳಲಿಲ್ಲ. ಹೆಸರು ಓದಿದ ತಕ್ಷಣ ನೇರ ನಾಲ್ಕನೇ ಕ್ಲಾಸಿನ ಮಧ್ಯಾಹ್ನದ ಬಿಡುವು. ಪಟ್ಟಿಯಲ್ಲಿ ವಡಾಪಾವ್ ಇದ್ದಿದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ ಅಂತ ನನ್ನ ಅಂದಾಜು. ದುಬೈಯಲ್ಲೂ ಅದು ಸಿಗುತ್ತದೆ!

ಮನಸ್ಸು ಮಿಡಿದರೆ ಸಾಕೇ? ಹಬ್ಬಲು ಲೆಕ್ಕವೂ ಕೂಡಿಬರಬೇಕು. ಪ್ರತಿ ಗುಂಪಿನಲ್ಲಿ ನೂರು ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಮುಂಬಯಿಯಲ್ಲಿ ಇನ್ನೂರು ಜನ ಓದಿದರೆ ಒಬ್ಬರು ಮಾತ್ರ ಇನ್ನೊಂದು ಗುಂಪಿಗೆ ಕಳಿಸುತ್ತಾರೆ ಅನ್ನೋಣ. ಆಗ ಎಂಟು ಗುಂಪಿನಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿದು ಸುಮ್ನೆ ಆರಿಹೋಗುತ್ತದೆ. ಹೊರದೇಶದಲ್ಲಿ ನೂರಕ್ಕೆ ಇಬ್ಬರು ಕಳಿಸಿದರೆ ಒಂದು ಗುಂಪು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಹತ್ತನೇ ಸುತ್ತಿಗೆ 1,024. ಎರಡೂ ಕಡೆ ನೂರಕ್ಕೆ ಕನಿಷ್ಠ ತೊಂಬತ್ತೆಂಟು ಜನ ಸುಮ್ಮನೆ ಓದಿ ಮುಂದೆ ಹೋದವರೇ. ಕಳಿಸುವವರು ಕೊಂಚ ಹೆಚ್ಚಿದರೂ ಸಾಕು, ಸಾಯುವ ಪೋಸ್ಟ್ ಹಬ್ಬುವ ಪೋಸ್ಟ್ ಆಗಿಬಿಡುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಒಬ್ಬರೇ ಕನ್ನಡ ಕೂಟದ ಗುಂಪಿನಲ್ಲೂ ಇರುತ್ತಾರೆ, ಶಾಲೆಯ ಗೆಳೆಯರ ಗುಂಪಿನಲ್ಲೂ ಇರುತ್ತಾರೆ. ಬಂದದ್ದೇ ಮತ್ತೆ ಬರತೊಡಗಿದರೆ ಓಟ ನಿಧಾನವಾಗುತ್ತದೆ. ವಾಟ್ಸಾಪ್ ಕೂಡ ತಡೆ ಹಾಕಿದೆ. ಹಲವು ಕೈ ದಾಟಿ ಬಂದ ಸಂದೇಶವನ್ನು 2020ರಿಂದ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಬಿಡುತ್ತದೆ. ತಿಂಡಿಯ ಪಟ್ಟಿ ಈ ತಡೆಯನ್ನು ಸಲೀಸಾಗಿ ದಾಟುತ್ತದೆ, ಯಾಕೆಂದರೆ ಅದು ಯಾವತ್ತೂ ಅಪೂರ್ಣ. "ಅಯ್ಯೋ, ಬರ್ಫ್ ಗೋಲಾ ಬಿಟ್ಟೇಬಿಟ್ಟಿರಲ್ಲ!" ಅಂತ ಒಬ್ಬರು ಕಾಪಿ ಮಾಡಿ ತಮ್ಮ ಒಂದು ಸಾಲು ಸೇರಿಸುತ್ತಾರೆ. ಈಗ ಅದು ಹೊಸ ಸಂದೇಶ. ನನಗೆ ವಾಪಸ್ ಬಂದ ಪ್ರತಿಯಲ್ಲಿ ಶೇಂಗಾ ಚಿಕ್ಕಿ, ಕಮ್ಮರಕಟ್ಟು ಸೇರಿದ್ದವು. ಕಮ್ಮರಕಟ್ಟು ಡೊಂಬಿವಲಿಯದಲ್ಲ, ದಾರಿಯಲ್ಲಿ ಯಾರೋ ಬೆಂಗಳೂರು ಕಡೆಯವರು ಕೈಯಾಡಿಸಿದ್ದಾರೆ ಅನಿಸುತ್ತದೆ.

ಒಂದು ಕಡೆ ಮಾತ್ರ ಈ ಸರಪಳಿ ತುಂಡಾಗುತ್ತದೆ. ನ್ಯೂಜೆರ್ಸಿಯಲ್ಲೇ ಹುಟ್ಟಿದ ಮಕ್ಕಳಿಗೆ ಅಪ್ಪ ಅಮ್ಮ ಇದನ್ನು ಓದಿ ಹೇಳಿದರೆ ಅವರು ನಗುತ್ತಾರೆ, ಆದರೆ ಮುಂದೆ ಕಳಿಸುವುದಿಲ್ಲ. ಬಾಬಿ ಅನ್ನುವ ಹೆಸರಿನ ಹಿಂದೆ ಎಬ್ಬಿಸಲು ಅವರಲ್ಲಿ ಯಾವ ಮಧ್ಯಾಹ್ನವೂ ಇಲ್ಲ. ಅವರ ಪಟ್ಟಿ ಬೇರೆ, ಅದನ್ನು ಅವರಲ್ಲೇ ಯಾರಾದರೂ ಬರೆಯಬೇಕು.